ಹದಿನೇಳು ರೂಪಾಯಿ ಎಪ್ಪತ್ತು ಪೈಸೆ

ಬ್ಯಾಂಕ್ ಸ್ಟೇಟ್‌ಮೆಂಟನ್ನು ಸ್ಕ್ರೀನ್‌ಶಾಟ್ ಹೊಡೆದು ಕಳಿಸೋರಿಗೆ ಒಂದು ಚಾಳಿ ಇದೆ. ಎಡಗಡೆಯ ತಾರೀಕೆಲ್ಲ ಕತ್ತರಿಸಿ ಹಾಕ್ತಾರೆ, ಮೇಲಿರೋ ಖಾತೆ ನಂಬರನ್ನು ಮಾತ್ರ ಊರಿಗೆಲ್ಲ ಕಾಣೋ ಹಾಗೆ ಬಿಟ್ಟಿರ್ತಾರೆ. ನಮ್ಮ ಪಕ್ಕದ್ಮನೆ ಮೇಷ್ಟ್ರು ಕಳಿಸಿದ್ದೂ ಅಂಥದ್ದೇ. ಅದೂ ಕಾಂಪೌಂಡಿನ ಆಚೆ ನಿಂತುಕೊಂಡೇ ವಾಟ್ಸಾಪ್ ಮಾಡಿದ್ದು! ಫೋನನ್ನೇ ಇತ್ತ ಚಾಚಿದ್ದರೆ ನನ್ನ ಕೈಗೆ ಸಿಗ್ತಿತ್ತು. "ಈ ಮಂಜುನಾಟ್ ಯಾರು ಅಂತ ಹೇಳಿ, ನನಗೆ ಆ ಹೆಸರಿನವರು ಯಾರೂ ಗೊತ್ತಿಲ್ಲ" ಅಂತ ಗಾಬರಿ ಬೇರೆ.

ಸಾಲು ಹೀಗಿತ್ತು: UPI/DR/5151 ಅಂತ ಶುರುವಾಗೋ ಹನ್ನೆರಡು ಅಂಕಿ, ಆಮೇಲೆ MANJUNAT, ಆಮೇಲೆ YESB. ಅರವತ್ತು ರೂಪಾಯಿ. ತಾರೀಕು ಕತ್ತರಿಸಿ ಹೋಗಿದ್ದರೂ ಚಿಂತೆಯಿಲ್ಲ, ಆ ಹನ್ನೆರಡು ಅಂಕಿಯಲ್ಲೇ ಸಾಮಾನ್ಯವಾಗಿ ಅದು ಅಡಗಿ ಕೂತಿರುತ್ತೆ. ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ಮುಂದಿನ ಮೂರು ಆ ವರ್ಷದ ಎಷ್ಟನೇ ದಿನ ಅನ್ನೋದು. 5 ಅಂದರೆ 2025. 151ನೇ ದಿನ ಯಾವುದು? ಜನವರಿ ಮುಗಿದರೆ 31, ಫೆಬ್ರವರಿಗೆ 59, ಮಾರ್ಚಿಗೆ 90, ಏಪ್ರಿಲ್‌ಗೆ 120, ಮೇ ಮುಗಿದರೆ ಸರಿಯಾಗಿ 151. ಮೇ 31, ಶನಿವಾರ. ಮೇಷ್ಟ್ರು ಶನಿವಾರ ಆಂಜನೇಯನ ಗುಡಿ ತಪ್ಪಿಸೋರಲ್ಲ, ಗುಡಿಯ ಎದುರಿಗೆ ಎಳನೀರಿನವನಿದ್ದಾನೆ. ಬೀದಿಗೆಲ್ಲ ಅವನು "ಎಳನೀರಿನವನು" ಅಷ್ಟೆ. ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದು ಇರುತ್ತೆ ಅಂತ ನಮಗೆ ಹೊಳೆಯೋದು ಸ್ಟೇಟ್‌ಮೆಂಟ್ ನೋಡಿದಾಗಲೇ, ಅಲ್ವಾ? ಮೇಷ್ಟ್ರ ಬ್ಯಾಂಕಿನವರು ಹೆಸರಿಗೆ ಎಂಟೇ ಅಕ್ಷರದ ಜಾಗ ಕೊಟ್ಟಿದ್ದಾರೆ. ಹಾಗಾಗಿ ಮಂಜುನಾಥನ ಕೊನೆಯ ಎಚ್ ಉದುರಿಹೋಗಿದೆ. YESB ಅನ್ನೋದು ಆ ಕಡೆಯ ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತದ ಮೊದಲ ನಾಲ್ಕು ಅಕ್ಷರ.

ಮುಂಚೆ ಪಾಸ್‌ಬುಕ್ಕಿನಲ್ಲಿ ಕೈಯಲ್ಲೇ ಬರೀತಿದ್ದರಲ್ಲ, ಅದೇನೂ ಓದೋಕೆ ಬರ್ತಿತ್ತು ಅಂತಲ್ಲ. ನಮ್ಮೂರಿನ ಕ್ಲರ್ಕಿನ ಅಕ್ಷರ ಅವರಿಗೇ ಪ್ರೀತಿ. ಆದರೆ ಕೌಂಟರಿನ ಜಾಲರಿಗೆ ಮೂಗು ತಾಗಿಸಿ "ಇದೇನು ಸಾರ್?" ಅಂದರೆ ಕನ್ನಡಕ ಮೇಲೆತ್ತಿ ಹೇಳ್ತಿದ್ದರು. ಆಮೇಲೆ ಪ್ರಿಂಟರ್ ಬಂತು, ಮಡಿಕೆಯ ಹತ್ತಿರ ಒಂದು ಸಾಲಿನ ಮೇಲೇ ಇನ್ನೊಂದು ಸಾಲು ಹೊಡೆಯೋದು. ಅದನ್ನು ಓದೋಕೆ ದೇವರೇ ಇಳಿದು ಬರಬೇಕಿತ್ತು. ಇರಲಿ ಬಿಡಿ.

ಮೇಷ್ಟ್ರ ಎರಡನೇ ತಕರಾರು 17.70. "ಹದಿನೇಳು ರೂಪಾಯಿಗೆ ಎಪ್ಪತ್ತು ಪೈಸೆ ಬಾಲ ಯಾಕ್ರೀ? ಎಪ್ಪತ್ತು ಪೈಸೆಗೆ ಈಗ ಏನು ಸಿಗುತ್ತೆ?" ಅಂದರು. ಮೇಷ್ಟ್ರೇ, ನೀವು ಗಣಿತ ಹೇಳಿಕೊಟ್ಟವರು, 1.18ರಿಂದ ಭಾಗಿಸಿ ನೋಡಿ ಅಂದೆ. ಬಾಯಲ್ಲೇ ಲೆಕ್ಕ ಹಾಕಿದರು: ಹದಿನೈದು. ಬ್ಯಾಂಕಿನ ಸೇವಾ ಶುಲ್ಕಕ್ಕೆಲ್ಲ ನೂರಕ್ಕೆ ಹದಿನೆಂಟು ಜಿಎಸ್‌ಟಿ. ಮೂರು ತಿಂಗಳಿಗೊಮ್ಮೆ ಎಸ್‌ಎಂಎಸ್ ಕಳಿಸಿದ್ದಕ್ಕೆ ಹದಿನೈದು, ಅದರ ಮೇಲೆ ತೆರಿಗೆ ಎರಡು ರೂಪಾಯಿ ಎಪ್ಪತ್ತು ಪೈಸೆ. ಸಾಲಿನ ಬರಹ ಅರ್ಥವಾಗದಿದ್ದರೂ ಮೊತ್ತವನ್ನು 1.18ರಿಂದ ಭಾಗಿಸಿದಾಗ ಗುಂಡು ಸಂಖ್ಯೆ ಬಂದರೆ ಅದು ಬ್ಯಾಂಕಿನವರೇ ಹಿಡಿದುಕೊಂಡ ಶುಲ್ಕ ಅಂತ ಅನುಮಾನ ಪಡಬಹುದು. ಪೈಸೆಯ ಬಾಲ ಇರಲೇಬೇಕು ಅಂತೇನೂ ಇಲ್ಲ. 236 ಸಾಧುವಾಗಿ ಕಾಣುತ್ತೆ, ಒಳಗೆ ನೋಡಿದರೆ ಇನ್ನೂರು ಮತ್ತು ಮೂವತ್ತಾರು.

ಹೀಗೆ ರುಚಿ ಹತ್ತಿದ್ದೇ ತಡ, ಮೇಷ್ಟ್ರು ಇದ್ದಬದ್ದ ಸಾಲನ್ನೆಲ್ಲ ಭಾಗಿಸೋಕೆ ಹತ್ತಿದರು. 295 ಸಿಕ್ಕಿತು, ಇನ್ನೂರೈವತ್ತು! ಅದರ ಪಕ್ಕದಲ್ಲಿ ACH, RTN ಅಂತ ಇತ್ತು. ವಿಮೆಯ ಕಂತು ಕಡಿತವಾಗೋ ದಿನ ಖಾತೆಯಲ್ಲಿ ಕಾಸಿರಲಿಲ್ಲ, ಕಂತು ವಾಪಸ್ಸಾಯ್ತು, ವಾಪಸ್ಸಾಗಿದ್ದಕ್ಕೆ ದಂಡ. ಇಲ್ಲದವನ ಹತ್ತಿರ ಇಲ್ಲ ಅಂದಿದ್ದಕ್ಕೇ ಇನ್ನೂರ ತೊಂಬತ್ತೈದು. ಇದು ನ್ಯಾಯವೇನ್ರೀ ಅಂತ ಕೇಳಿದರು. ನಾನೇನು ಹೇಳಲಿ?

ಆಮೇಲೆ 20 ರೂಪಾಯಿ. ಅದನ್ನು ಭಾಗಿಸಿದರೆ 16.949, ಅರ್ಥವಿಲ್ಲ. ಅದು ಶುಲ್ಕವೇ ಅಲ್ಲ, ಪಿಎಂಎಸ್‌ಬಿವೈ ಅನ್ನೋ ಅಪಘಾತ ವಿಮೆ. ಎರಡು ಲಕ್ಷದ ವಿಮೆಗೆ ವರ್ಷಕ್ಕೆ ಇಪ್ಪತ್ತು, 2022ರ ತನಕ ಹನ್ನೆರಡೇ ಇತ್ತು. ಜೂನ್ 1ರಿಂದ ಹೊಸ ವರ್ಷ ಅಂತ ಮೇ ಕೊನೆಯ ಹೊತ್ತಿಗೆ ಕಡಿತ ಮಾಡ್ಕೋತಾರೆ. ಯಾವತ್ತೋ ಶಾಖೆಯಲ್ಲಿ "ಇಲ್ಲೊಂದು ಸಹಿ ಹಾಕಿ ಸಾರ್" ಅಂದಾಗ ಹಾಕಿದ್ದು, ಮನೆಯಾಕೆಗೂ ಹೇಳಿಲ್ಲ. ವಿಮೆ ಇದೆ ಅಂತ ಮನೆಯವರಿಗೇ ಗೊತ್ತಿಲ್ಲದಿದ್ದರೆ ಕ್ಲೇಮು ಯಾರು ಕೇಳ್ತಾರೆ, ಅಲ್ವಾ?

ನಿಜವಾದ ಕಳ್ಳ ಸಿಕ್ಕಿದ್ದು ಕೊನೆಗೆ. 149 ಅಂತ ಮೇನಲ್ಲಿ ಒಂದು, ಜೂನ್‌ನಲ್ಲಿ ಒಂದು. ಭಾಗಿಸಿದರೆ 126.27, ಅಂದರೆ ಬ್ಯಾಂಕಿನ ಕೈವಾಡವಲ್ಲ. ಸಾಲಿನಲ್ಲಿ MANDATE ಅನ್ನೋ ಪದ ಇತ್ತು. ಹಿಂದಕ್ಕೆ ಸರಿಸುತ್ತಾ ಹೋಗಿ ಅಂದೆ. ಏಪ್ರಿಲ್ ಕೊನೆಯಲ್ಲಿ, ಅದೇ ಹೆಸರಿಗೆ, ಒಂದೇ ಒಂದು ರೂಪಾಯಿ! ಈ ಒಂದು ರೂಪಾಯಿ ಕಂಡರೆ ಅಲ್ಲೇ ನಿಲ್ಲಬೇಕು ನೋಡಿ. ಮೊಮ್ಮಗ ರಜಾಕ್ಕೆ ಬಂದಿದ್ದಾಗ ಯಾವುದೋ ಆ್ಯಪನ್ನು "ಒಂದು ರೂಪಾಯಿಗೆ ಟ್ರಯಲ್ ತಾತಾ" ಅಂತ ಹಾಕಿಸಿದ್ದ. ತಾತ ಪಿನ್ ಒತ್ತಿದ್ದು ಆ ಒಂದು ರೂಪಾಯಿಗೆ ಮಾತ್ರ ಅಲ್ಲ, ಮುಂದಿನ ತಿಂಗಳುಗಳಿಗೂ ಸೇರಿಸಿ. ಇಂಥ ಕಡಿತ ಹದಿನೈದು ಸಾವಿರದೊಳಗಿದ್ದರೆ ಸಾಮಾನ್ಯವಾಗಿ ಪ್ರತಿ ಸಲ ಪಿನ್ನೂ ಕೇಳಲ್ಲ, ಒಟಿಪಿಯೂ ಕೇಳಲ್ಲ. ಇಪ್ಪತ್ನಾಲ್ಕು ಗಂಟೆ ಮೊದಲು ಒಂದು ಸೂಚನೆ ಬರಬೇಕು ಅಂತ ನಿಯಮ, ಬಂದೂ ಇರುತ್ತೆ. ಆದರೆ ಸಾಲ ಬೇಕಾ, ಸೈಟು ಬೇಕಾ ಅನ್ನೋ ಸಂದೇಶಗಳ ಸಂತೆಯಲ್ಲಿ ಅದನ್ನು ಯಾರು ಓದ್ತಾರೆ?

"ಆ ಆ್ಯಪನ್ನು ಅವತ್ತೇ ತೆಗೆದುಹಾಕಿದೆನಲ್ಲ!" ಅಂತ ಮೇಷ್ಟ್ರ ವಾದ. ಫೋನಿನಿಂದ ಆ್ಯಪ್ ಹೋದರೆ ಮ್ಯಾಂಡೇಟ್ ಹೋಗಲ್ಲ, ಅದು ಯುಪಿಐ ಖಾತೆಗೆ ಗಂಟುಬಿದ್ದಿರುತ್ತೆ. ದುಡ್ಡು ಕಳಿಸೋ ಆ್ಯಪಿನೊಳಗೇ ಆಟೋಪೇ ಅಂತ ಒಂದು ಮೂಲೆ ಇದೆ, ಅಲ್ಲಿ ಹೋಗಿ ರದ್ದು ಒತ್ತಿ ಪಿನ್ ಕೊಡಬೇಕು. ಒತ್ತಿದರು. ಅಲ್ಲಿ ಇನ್ನೂ ಎರಡು ಮಲಗಿದ್ದವು, ಒಂದು ಹಾಡಿನದು, ಇನ್ನೊಂದು ಏನು ಅಂತ ಮೊಮ್ಮಗನನ್ನೇ ಕೇಳಬೇಕು. ಹೋದ 298 ಮಾತ್ರ ರದ್ದು ಮಾಡಿದ್ದಕ್ಕೆ ತಾನಾಗಿ ವಾಪಸ್ ಬರಲ್ಲ. ಆ ಕಂಪನಿಯವರಿಗೆ ಬರೀಬೇಕು, ಬರೆಯುವಾಗ ಆ ಹನ್ನೆರಡು ಅಂಕಿಗಳನ್ನು ತಪ್ಪದೆ ಕೊಡಬೇಕು. ಎಷ್ಟು ದುಡ್ಡು, ಯಾವತ್ತು ಅಂತ ಕಥೆ ಹೇಳಿದರೆ ಹುಡುಕೋಕೆ ಅವರಿಗಾಗಲ್ಲ.

ಅಷ್ಟರಲ್ಲಿ ಒಳಗಿನಿಂದ ಕಾಫಿಗೆ ಕೂಗು ಬಂತು. ಆದರೂ ಮೇಷ್ಟ್ರು ಕದಲಲಿಲ್ಲ. ಜೂನ್ ಕೊನೆಯಲ್ಲಿ ಜಮಾ ಆಗಿದ್ದ ಬಡ್ಡಿ ಕಣ್ಣಿಗೆ ಬಿದ್ದಿತ್ತು, ಹದಿನೆಂಟು ರೂಪಾಯಿ. ಬಾಲವಿಲ್ಲದೆ, ಬರೀ ಹದಿನೆಂಟು. ಅದೂ ನಿಯಮವೇ. ಠೇವಣಿಯ ಮೇಲಿನ ಬಡ್ಡಿಯನ್ನು ಹತ್ತಿರದ ರೂಪಾಯಿಗೆ ಸರಿ ಮಾಡಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. "ಅಂದರೆ ಕೊಡುವಾಗ ರೂಪಾಯಿ ಲೆಕ್ಕ, ಕಿತ್ಕೊಳ್ಳುವಾಗ ಪೈಸೆ ಲೆಕ್ಕ" ಅಂದರು ಮೇಷ್ಟ್ರು. ಹದಿನೆಂಟರಲ್ಲಿ ಹದಿನೇಳು ಎಪ್ಪತ್ತು ಕಳೆದು, ಮೂರು ತಿಂಗಳಿಗೆ ಮೂವತ್ತು ಪೈಸೆ ಲಾಭ ಅಂತ ಬೆರಳಿನಲ್ಲಿ ಕಾಂಪೌಂಡಿನ ಮೇಲೆ ಬರೆದು ತೋರಿಸಿದರು.