ಒಂದು ಸೆಂಟಿಗೆ ಮೂರು ದಿನ

ಮಾರತ್ತಹಳ್ಳಿಯಲ್ಲಿ ಸಂಜೆ ಏಳಾದಾಗ ನ್ಯೂಜೆರ್ಸಿಯಲ್ಲಿ, ಬೇಸಿಗೆಯ ಲೆಕ್ಕದಲ್ಲಿ, ಬೆಳಗ್ಗೆ ಒಂಬತ್ತೂವರೆ. ಇಲ್ಲಿನ ಆಫ್‌ಶೋರ್ ತಂಡ ಬ್ಯಾಗಿಗೆ ಲ್ಯಾಪ್‌ಟಾಪ್ ತುರುಕುವ ಹೊತ್ತಿಗೆ, ಅಲ್ಲಿ ಕ್ಲೈಂಟ್ ಆಫೀಸಿನಲ್ಲಿರುವ ಆನ್‌ಸೈಟ್ ತಂಡ ಕಾಫಿ ಕಪ್ಪು ಹಿಡಿದು ಕುರ್ಚಿ ಹುಡುಕುತ್ತಿರುತ್ತದೆ. ಇಬ್ಬರಿಗೂ ಸೇರಿ ಒಂದೇ ಜಿರಾ ಬೋರ್ಡು. ನಮ್ಮ ಹಗಲಿನಲ್ಲಿ ಇವರು ಕಾರ್ಡು ಎಳೆಯುತ್ತಾರೆ, ನಮ್ಮ ರಾತ್ರಿಯಲ್ಲಿ ಅವರು. ಪಾಳಿ ಬದಲಾಗುವಾಗ ಒಂದು ಹ್ಯಾಂಡಾಫ್ ನೋಟ್ ಬರೆದಿಡಬೇಕು. ಕ್ಯಾಬ್ ಕೆಳಗೆ ಬಂದು ನಿಂತಿದೆ ಎಂಬ ಮೆಸೇಜ್ ಬಂದ ಮೇಲಷ್ಟೇ ಅದನ್ನು ಬರೆಯುವುದು ಸಂಪ್ರದಾಯ.

ಇಂಥ ತಂಡದಲ್ಲಿ PAY-214 ಎಂಬ ಕಾರ್ಡು ಪಟ್ಟ ಪಾಡನ್ನು ನೋಡಿ. ಗಿರಾಕಿ ತಲಾ 30 ಡಾಲರಿನ ಮೂರು ವಸ್ತು ಕೊಂಡು, 10 ಡಾಲರಿನ ಕೂಪನ್ ಹಾಕಿ, 80 ಡಾಲರ್ ಕೊಡುತ್ತಾನೆ. ಸಾಫ್ಟ್‌ವೇರು ಹತ್ತನ್ನು ಮೂರಕ್ಕೆ ಹಂಚಿ, ತಲಾ 3.33 ಎಂದು ಬರೆದುಕೊಳ್ಳುತ್ತದೆ. ಗಿರಾಕಿ ಮೂರನ್ನೂ ಹಿಂದಿರುಗಿಸಿದರೆ ತಲಾ 26.67ರಂತೆ 80.01 ವಾಪಸ್. ಕೊಟ್ಟದ್ದಕ್ಕಿಂತ ಒಂದು ಸೆಂಟು ಲಾಭ. ಉಳಿದ ಸೆಂಟನ್ನು ಕೊನೆಯ ವಸ್ತುವಿನ ರಿಯಾಯಿತಿಗೆ ಸೇರಿಸಿದರೆ ಮುಗಿಯಿತು. ಡೆವಲಪರ್ ಮಂಗಳವಾರ ಮಧ್ಯಾಹ್ನದೊಳಗೆ ಮುಗಿಸಿಯೂ ಬಿಟ್ಟ. ಸಂಜೆ ಕಾರ್ಡನ್ನು In Review ಕಾಲಮ್ಮಿಗೆ ಎಳೆದು, "ಫಿಕ್ಸ್ ಆಯಿತು, ದಯವಿಟ್ಟು ನೋಡಿ" ಎಂದು ಬರೆದು ಲಿಫ್ಟ್ ಹತ್ತಿದ.

ಆನ್‌ಸೈಟ್ ಕೋಆರ್ಡಿನೇಟರ್ ಮೈಸೂರಿನವನು. ನೋಡಿದ. ಟೆಸ್ಟ್ ಸರ್ವರಿನಲ್ಲಿ ಈಗಲೂ 80.01. "ಯಾವ ಬಿಲ್ಡ್ ಗುರು?" ಎಂದು ಕೇಳಿದ. ಗುರು ಆಗ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿದ್ದ. ಬುಧವಾರ ಹತ್ತಕ್ಕೆ ಉತ್ತರ ಹೋಯಿತು: "ಮರ್ಜ್ ಆಗಿಲ್ಲ, ಬ್ರಾಂಚಿನಲ್ಲಿದೆ. ರಿವ್ಯೂ ನೀವು ಮಾಡ್ತೀರಿ ಅಂದ್ಕೊಂಡೆ." ನ್ಯೂಜೆರ್ಸಿಯಲ್ಲಿ ಆಗ ರಾತ್ರಿ ಹನ್ನೆರಡೂವರೆ. ಅಲ್ಲಿ ಬೆಳಗಾದ ಮೇಲೆ ಹುಡುಕಿದರೆ ಆ ಬ್ರಾಂಚೇ ಇಲ್ಲ. ಪುಶ್ ಮಾಡದೆ ಉಳಿದ ಕೋಡು ಎರಡು ರಾತ್ರಿ ಬ್ಯಾಗಿನಲ್ಲಿ ಮನೆಗೆ ಹೋಗಿ ಬಂದಿತ್ತು. ಗುರುವಾರ ಪುಶ್ ಆಯಿತು, ಪಕ್ಕದ ಸೀಟಿನವಳೇ ಹತ್ತು ನಿಮಿಷದಲ್ಲಿ ರಿವ್ಯೂ ಮುಗಿಸಿದಳು, ಸಂಜೆ ಅಲ್ಲಿ 80.00 ಕಾಣಿಸಿತು.

ಎದುರಿಗೆ ಕೂತವರ ನಡುವೆ ಅರ್ಧ ನಿಮಿಷದಲ್ಲಿ ಮುಗಿಯುವ ಪ್ರಶ್ನೆಗೆ ಇಲ್ಲಿ ಒಂದಿಡೀ ದಿನ ತೆರಬೇಕು. ಹಾಗಾಗಿ ನೋಟಿನ ಕೆಲಸ ಅಲ್ಲಿನವನು ಕೇಳಬಹುದಾದ್ದಕ್ಕೆ ಮೊದಲೇ ಉತ್ತರ ಬರೆದಿಡುವುದು. ಮಂಗಳವಾರವೇ ಹೀಗೆ ಬರೆಯಬಹುದಿತ್ತು: "ಕೋಡ್ `fix/PAY-214-rounding` ಬ್ರಾಂಚಿನಲ್ಲಿದೆ, ಪುಶ್ ಆಗಿದೆ. ಮರ್ಜ್ ಆಗಿಲ್ಲ, ಟೆಸ್ಟ್ ಸರ್ವರಿನಲ್ಲಿ ಹಳೆಯ ಬಿಲ್ಡೇ ಇದೆ. ರಿವ್ಯೂ ನಿಮ್ಮದು, ಕಾರ್ಡ್ ನಿಮ್ಮ ಹೆಸರಿಗೆ ಹಾಕಿದ್ದೇನೆ. ಮೂರು ವಸ್ತು ಒಂದೊಂದಾಗಿ ರಿಟರ್ನ್ ಮಾಡಿದರೆ 26.67, 26.67, 26.66 ಬರಬೇಕು. ಎರಡು ಕೂಪನ್ ಹಾಕಿ ನೋಡಿಲ್ಲ."

ಇದರಲ್ಲಿ ಬರೆಯಲು ಕೈ ಬಾರದ ಸಾಲು ಕೊನೆಯದು. ಮಾಡಿದ್ದನ್ನು ಎಲ್ಲರೂ ಬರೆಯುತ್ತಾರೆ; ಮಾಡದೆ ಬಿಟ್ಟಿದ್ದನ್ನು ಬರೆದರೆ ಮ್ಯಾನೇಜರ್ ಏನಂದುಕೊಳ್ಳುತ್ತಾರೋ ಎಂಬ ಅಳುಕು. ಆದರೆ ಅಲ್ಲಿ ಟೆಸ್ಟ್ ಮಾಡುವವನು ಮೊದಲು ಕೈ ಹಾಕಬೇಕಾದದ್ದು ಆ ಬಿಟ್ಟಿದ್ದಕ್ಕೇ.

ಬೋರ್ಡು ಇದನ್ನೆಲ್ಲ ಹೇಳುವುದಿಲ್ಲ. ಕಾರ್ಡು ಯಾವ ಕಾಲಮ್ಮಿನಲ್ಲಿದೆ ಎಂಬುದು ಕಾಣುತ್ತದೆ, ಯಾಕಿದೆ ಎಂಬುದು ಕಾಣುವುದಿಲ್ಲ. ಕ್ಲೈಂಟ್ ಮೀಟಿಂಗಿಗೆ ಕಾಲು ಗಂಟೆ ಇರುವಾಗ ಕೆಲವು ಕಾರ್ಡುಗಳು ತಾವಾಗಿ Done ಕಡೆಗೆ ಜಾರುವುದೂ, ಮೀಟಿಂಗ್ ಮುಗಿದ ಮೇಲೆ ನಾಚಿಕೊಂಡು ಹಿಂದೆ ಸರಿಯುವುದೂ ಉಂಟು. ಆದರೆ ಜಿರಾದ History ಇದನ್ನು ನಿಮಿಷ ಸಮೇತ ಬರೆದಿಟ್ಟುಕೊಂಡಿರುತ್ತದೆ.

ಶುಕ್ರವಾರದ ಲೆಕ್ಕ ಇನ್ನೂ ದುಬಾರಿ. ಅಂದು ಕ್ಯಾಬ್ ಹೊರಟ ಮೇಲೆ ನ್ಯೂಜೆರ್ಸಿಯವನು ಕೇಳಿದ ಪ್ರಶ್ನೆಗೆ ಇಲ್ಲಿ ಸೋಮವಾರ ಹತ್ತಕ್ಕೆ ಉತ್ತರ. ಅವನು ಓದುವುದು ಅವನ ಸೋಮವಾರ ಬೆಳಗ್ಗೆ. ನ್ಯಾಯವಾಗಿ ಅಂದಿನ ನೋಟೇ ಎಲ್ಲಕ್ಕಿಂತ ಉದ್ದವಿರಬೇಕು. ಇರುವುದು ಎರಡೇ ಪದ: "ಹ್ಯಾಪಿ ವೀಕೆಂಡ್."

ಇದಕ್ಕೆಲ್ಲ ಹೊಂದಿಕೊಂಡೆವು ಎನ್ನುವಷ್ಟರಲ್ಲಿ ನವೆಂಬರ್ ಬರುತ್ತದೆ. ಆ ತಿಂಗಳ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. 2020ರಲ್ಲಿ ಅದು ಕನ್ನಡ ರಾಜ್ಯೋತ್ಸವದ ದಿನವೇ ಬಿತ್ತು. ಮರುದಿನದಿಂದ ನಮ್ಮ ಏಳು ಗಂಟೆ ಅವರ ಎಂಟೂವರೆ. ಕೋಆರ್ಡಿನೇಟರ್ ಇನ್ನೂ ರೈಲಿನಲ್ಲಿರುತ್ತಾನೆ, ನೋಟನ್ನು ಕೈಗೆ ತೆಗೆದುಕೊಳ್ಳುವವರೇ ಇರುವುದಿಲ್ಲ. ಆಮೇಲೆ ಹ್ಯಾಂಡಾಫ್ ಎಂಟಕ್ಕೆ, ಕ್ಯಾಬ್ ಎಂಟೂಕಾಲಿಗೆ, ಮನೆಯಲ್ಲಿ ಊಟ ಹತ್ತಕ್ಕೆ. ಮಾರ್ಚ್ ಎರಡನೇ ಭಾನುವಾರದವರೆಗೆ ಇದೇ ವ್ಯವಸ್ಥೆ.