ಸಾಲಿ ಕಲ್ತಾಕಿಯ ಸಹಿ

ನೀವು ಯಾವ ಊರಿನ ಬ್ಯಾಂಕಿಗೇ ಹೋಗಿ, ಕೌಂಟರಿನ ಮುಂದೆ ಒಬ್ಬ ಆಯಿ ಇದ್ದೇ ಇರುತ್ತಾಳೆ. ಪಾಸ್‌ಬುಕ್ಕು ಒಂದು ಚೀಲದಲ್ಲಿ, ಆ ಚೀಲ ಇನ್ನೊಂದು ಚೀಲದಲ್ಲಿ, ಅದರ ಗಂಟು ಸೊಂಟದಲ್ಲಿ. ಹಣ ತೆಗೆಯುವ ಸ್ಲಿಪ್ಪನ್ನು ಯಾರಿಂದಲಾದರೂ ತುಂಬಿಸಿಕೊಳ್ಳುತ್ತಾಳೆ, ಸಹಿ ಮಾತ್ರ ಸ್ವಂತದ್ದು. ಪೆನ್ನು ಊರುವ ಮೊದಲು ಸುತ್ತಲೂ ಒಮ್ಮೆ ಕಣ್ಣು ಹಾಯಿಸುತ್ತಾಳೆ. ಯಾರೂ ನೋಡದಿದ್ದರೆ ಸಹಿ ಮಾಡಲು ಬಂದೂ ಏನು ಬಂತು?

ಆಜರಾದ ನಮ್ಮ ಗಲ್ಲಿಯ ಆಯಿ ಈ ಜಾತಿಯ ಅಪ್ಪಟ ಮಾದರಿ. ಹಿರಣ್ಯಕೇಶಿ ಹೊಳೆ ಆಜರಾದಿಂದ ಸಂಕೇಶ್ವರದ ಕಡೆಗೆ ಹರಿದರೆ, ಈಕೆ ಸಂಕೇಶ್ವರದಿಂದ ಆಜರಾಕ್ಕೆ ಸೊಸೆಯಾಗಿ ಎದುರು ಏರಿ ಬಂದವಳು. ಅಂದಿನಿಂದ ಇಂದಿನವರೆಗೆ ಯಾವುದರಲ್ಲೂ ಹರಿವಿನ ಜೊತೆ ಹೋದವಳಲ್ಲ. ತವರಿನ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಪಾಸಾದದ್ದು ಅವಳ ಜನ್ಮದ ದೊಡ್ಡ ಪದವಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಸಿಟ್ಟು ಬಂದರೆ ಎರಡೂ.

ಅವಳ ಸಹಿಯೂ ಹಾಗೆಯೇ ಬೆಳೆಯಿತು. ಖಾತೆ ತೆರೆದಾಗ ಮಾಡಿದ್ದು ಕನ್ನಡದಲ್ಲಿ, ಪೂರ್ತಿ ಹೆಸರು, ಗಂಡನ ಹೆಸರು, ಅಡ್ಡಹೆಸರು ಸಮೇತ. ಮುಂದೆ ಬಚತ್ ಗಟದ ರಜಿಸ್ಟರಿನಲ್ಲಿ ಉಳಿದ ಹೆಂಗಸರಿಗೂ ತಿಳಿಯಲಿ ಎಂದು ಮರಾಠಿಯಲ್ಲಿ ಮಾಡತೊಡಗಿದಳು. ಈಚೆಗೆ ಕೈ ನಡುಗುತ್ತದೆ. ಅದೂ ಅಲ್ಲದೆ ಸಹಿ ಅವಳಿಗೆ ಅಂಗಳದ ರಂಗೋಲಿಯಂತಾಗಿತ್ತು: ದಿನವೂ ಹಾಕಬೇಕು, ಆದರೆ ನಿನ್ನೆಯದೇ ಇವತ್ತೂ ಹಾಕಿದರೆ ನೋಡಿದವರು ಏನಂದಾರು?

ಬ್ಯಾಂಕಿಗೆ ಮಾತ್ರ ನಿನ್ನೆಯದೇ ಬೇಕು. ಖಾತೆ ತೆರೆದ ದಿನದ ಮಾದರಿ ಸಹಿಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟಿರುತ್ತಾರೆ. ಸ್ಲಿಪ್ ಬಂದಾಗ ಗುಮಾಸ್ತ ಅದನ್ನು ತೆರೆದು ನೋಡುತ್ತಾನೆ. ಒಂದು ದಿನ ಆಯಿ ಮೂರು ಸಾವಿರದ ಸ್ಲಿಪ್ ಕೊಟ್ಟಳು. ಪರದೆಯ ಮೇಲೆ ಕನ್ನಡ, ಕಾಗದದ ಮೇಲೆ ಮರಾಠಿ. "ಸರಿಯಾಗಿ ಮಾಡ್ರಿ" ಎಂದರು. ಇನ್ನೂ ಚೆಂದ ಮಾಡಿದಳು, ಕೆಳಗೆ ಗೆರೆ ಎಳೆದು ಎರಡು ಚುಕ್ಕೆ ಇಟ್ಟಳು. ಹಳೆಯ ಸ್ಲಿಪ್ಪುಗಳನ್ನು ತೆಗೆಸಿ ನೋಡಿದರೆ ಒಂದರಂತೆ ಇನ್ನೊಂದಿಲ್ಲ. ಈಕೆಯ ಹೆಸರಿನಲ್ಲಿ ಬೇರೆ ಯಾರೋ ಹಣ ತೆಗೆಯುತ್ತಿದ್ದಾರೆಂದು ಸಾಹೇಬರಿಗೆ ಅನುಮಾನ ಬಂದು, ಖಾತೆಗೆ 'ಡೆಬಿಟ್ ಫ್ರೀಜ್' ಹಾಕಿಬಿಟ್ಟರು. ಅಂದರೆ ಹಣ ಒಳಗೆ ಬರಬಹುದು, ಹೊರಗೆ ಹೋಗುವಂತಿಲ್ಲ. ತಿಂಗಳಿಗೆ ಶ್ರಾವಣಬಾಳ ಯೋಜನೆಯ ಒಂದೂವರೆ ಸಾವಿರ ಒಳಗೆ ಬಂದು ಬೀಳುತ್ತಿತ್ತು, ಆಯಿ ಹೊರಗೆ ನಿಂತು ನೋಡುತ್ತಿದ್ದಳು.

"ಮಾಸ್ತರ್ರ, ಇದು ನನ್ನ ರೊಕ್ಕ ಹೌದಿಲ್ಲೋ?" ಎಂದು ನನ್ನನ್ನು ಕೇಳಿದಳು. ಹೌದೆಂದೆ. "ಹಂಗಾರ ನಾ ಯಾರು ಅಂತ ಅವರು ಯಾಕ ಕೇಳ್ತಾರ?" ಈ ಪ್ರಶ್ನೆಗೆ ನಿವೃತ್ತ ಮಾಸ್ತರನ ಬಳಿ ಉತ್ತರವಿರಲಿಲ್ಲ.

ಕೊಲ್ಹಾಪುರದಲ್ಲಿ ಓದುವ ಮೊಮ್ಮಗಳು ರಜೆಗೆ ಬಂದಳು. ಮೊದಲು ಆಯಿಯನ್ನು ಬೆರಳು ಒತ್ತಿ ಹಣ ಕೊಡುವ ಆಧಾರ್ ಯಂತ್ರದವನ ಬಳಿ ಕರೆದೊಯ್ದಳು. ಬೀಗ ಬಿದ್ದದ್ದು ಸ್ಲಿಪ್ಪಿಗಲ್ಲ, ಖಾತೆಗೇ. ಯಂತ್ರ ಬೆರಳನ್ನು ಗುರುತಿಸಿತು, ಹಣ ಕೊಡಲಿಲ್ಲ. ಆಗ ಮೊಮ್ಮಗಳು ಹಳೆಯ ಕಾಗದವೊಂದನ್ನು ಹುಡುಕಿ, ಅದರ ಮೇಲಿದ್ದ ಕನ್ನಡ ಸಹಿಯನ್ನು ಮುಂದಿಟ್ಟು ಆಯಿಯನ್ನು ಕಾಪಿ ಬರೆಯಲು ಕೂರಿಸಿದಳು. ಎರಡು ದಿನ ಗಲ್ಲಿಯಲ್ಲಿ ಬರಿಯ ಸಹಿಯ ಸದ್ದು. "ಕೊಂಬು ಮ್ಯಾಲ ತಗೀ ಆಯಿ!" "ತಗದೇನವ್ವಾ, ಕೈ ಕೆಳಗ ಬರ್ತೈತಿ!"

ಮೂರನೆಯ ದಿನ ಅಕ್ಷರಗಳು ಅಚ್ಚು ಹೊಡೆದಂತೆ ಬಂದವು. ನಾನೂ ಜೊತೆಗೆ ಹೋದೆ. ಸಾಹೇಬರು ಸಹಿಯನ್ನು ನೋಡಿ ತಲೆ ಆಡಿಸಿ, "ಇದು ಮೊದಲಿನದಕ್ಕಿಂತ ಹೆಚ್ಚು ಅನುಮಾನದ್ದು" ಎಂದರು. ಬರೆದ ಸಹಿಯಲ್ಲಿ ಪೆನ್ನು ಓಡುತ್ತದೆ: ಒಂದು ಕಡೆ ಒತ್ತು, ಇನ್ನೊಂದು ಕಡೆ ಹಗುರ, ಕೊನೆಯಲ್ಲಿ ಗೆರೆ ತೆಳ್ಳಗಾಗಿ ಹಾರುತ್ತದೆ. ನೋಡಿ ನೋಡಿ ಬಿಡಿಸಿದ ಸಹಿಯಲ್ಲಿ ಆಕಾರ ಕೂಡುತ್ತದೆ, ಓಟವಿರುವುದಿಲ್ಲ. ಗೆರೆ ಎಲ್ಲ ಕಡೆ ಒಂದೇ ದಪ್ಪ, ನಡುನಡುವೆ ಪೆನ್ನು ಎತ್ತಿಟ್ಟ ಗುರುತು. ಕಳ್ಳ ಸಹಿ ಮಾಡುವವರು ಮಾಡುವುದೂ ಹೀಗೆಯೇ. ತನ್ನ ಸಹಿಯನ್ನು ತಾನೇ ಖೋಟಾ ಮಾಡಿದ ಕೀರ್ತಿ ಆಯಿಗೆ ದಕ್ಕಿತು.

ಸಾಹೇಬರು ಸುಲಭದ ದಾರಿ ಹೇಳಿದರು. ಕೈ ನಡುಗುವ ಮುದುಕರು ಹೆಬ್ಬೆಟ್ಟು ಒತ್ತಬಹುದು. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿ ಬೇಕು, ಅವರಲ್ಲೊಬ್ಬರು ಬ್ಯಾಂಕಿನ ಅಧಿಕಾರಿ. ಇನ್ನೊಬ್ಬನಾಗಲು ನಾನು ಎದ್ದು ನಿಂತೆ.

"ಕೂಡ್ರಿ ಮಾಸ್ತರ್ರ!" ಆಯಿ ಗದರಿದಳು. "ಹೆಬ್ಬಟ್ಟ ಒತ್ತಾಕ ನಾ ಏನ ಅಡಾಣಿ ಅದೀನೇನ? ಸಾಲಿ ಕಲ್ತಾಕಿ ಅದೀನಿ!"

ಇಡೀ ಬ್ಯಾಂಕು ತಿರುಗಿ ನೋಡಿತು. ಅವಳಿಗೆ ಬೇಕಾದದ್ದೂ ಅದೇ.

ಉಳಿದ ದಾರಿ ಒಂದೇ: ಹಳೆಯ ಸಹಿಯ ಬೆನ್ನು ಬಿಟ್ಟು, ಮಾದರಿ ಸಹಿಯನ್ನೇ ಬದಲಿಸುವುದು. ಮೊಮ್ಮಗಳು ಅರ್ಜಿ ಬರೆದಳು. ಪಾಸ್‌ಬುಕ್ಕು, ಆಧಾರ್, ಪ್ಯಾನ್ ಇಲ್ಲದ್ದಕ್ಕೆ ಫಾರ್ಮ್ 60, ಹೊಸ ಫೋಟೋ ಕೂಡಿಸಿದಳು. ಆಯಿ ಸ್ವತಃ ಹಾಜರಾಗಿ ಅಧಿಕಾರಿಯ ಕಣ್ಣೆದುರೇ ಸಹಿ ಮಾಡಬೇಕು. ಮನೆಯಿಂದ ಮಾಡಿ ತಂದದ್ದು ನಡೆಯದು. ಅವರು ಆಧಾರಿನ ಮುಖ, ಹೆಸರು, ಹಳೆಯ ಕಡತದ ಫೋಟೋ ಎಲ್ಲ ತಾಳೆ ನೋಡಿ, ಈಕೆಯೇ ಆಕೆ ಎಂದು ಬರೆದುಕೊಟ್ಟರು.

"ಯಾವ ಭಾಷೆಯಲ್ಲಿ?" ಎಂದಳು ಮೊಮ್ಮಗಳು. ಯಾವುದಾದರೂ ಸರಿ, ಆದರೆ ಇನ್ನು ಮುಂದೆ ಅದೊಂದೇ. ಮತ್ತು ಕೈಗೆ ತಾನಾಗಿ ಬರುವಂಥದ್ದು, ಚಿಕ್ಕದು ಎಂದರು ಸಾಹೇಬರು. ಗಂಡನ ಹೆಸರು, ಅಡ್ಡಹೆಸರು, ಗೆರೆ, ಚುಕ್ಕೆ ಎಲ್ಲ ಉದುರಿದವು. ತನ್ನ ಹೆಸರಿನ ಮೂರು ಅಕ್ಷರ, ಕನ್ನಡದಲ್ಲಿ, ನಡುಗುತ್ತಲೇ ಆಯಿ ಗೀಚಿದಳು. ಮತ್ತೆ ಮಾಡಿ ಎಂದರು. ನಡುಕ ಸಮೇತ ಅದೇ ಬಂತು. ನಡುಕವೂ ಸಹಿಯ ಭಾಗವೇ ಎಂದು ಸಾಹೇಬರು ಒಪ್ಪಿದರು.

ಮೊಮ್ಮಗಳು ಜಾಣತನದಿಂದ ಹೊಸ ಸಹಿಯ ಒಂದು ಮಾದರಿಯನ್ನು ಪಾಸ್‌ಬುಕ್ಕಿನ ಒಳರಟ್ಟಿಗೆ ಅಂಟಿಸಹೊರಟಳು. ಸಾಹೇಬರು ಕಸಿದುಕೊಂಡರು. ಪುಸ್ತಕ ಕಳೆದರೆ ಸಿಕ್ಕವನಿಗೆ ಸಹಿಯೂ ಕೈಯಲ್ಲೇ ಕೊಟ್ಟಂತಾಗುತ್ತದಲ್ಲ!

ಇಷ್ಟಾದರೂ ಬೀಗ ತೆರೆಯಲಿಲ್ಲ. ಒಬ್ಬರು ಕಂಪ್ಯೂಟರಿಗೆ ಏರಿಸಿದ್ದನ್ನು ಅವರೇ ಮಂಜೂರು ಮಾಡುವಂತಿಲ್ಲ, ಇನ್ನೊಬ್ಬರು ಮಾಡಬೇಕು. ಆ ಇನ್ನೊಬ್ಬರು ಊಟಕ್ಕೆ ಹೋಗಿದ್ದರು. ಅವರು ಬರುವವರೆಗೆ ಆಯಿ ಸಾಲಿನಲ್ಲಿದ್ದವರಿಗೆಲ್ಲ ತನ್ನ ನಾಲ್ಕನೆಯ ಇಯತ್ತೆಯ ಕಥೆ ಹೇಳಿದಳು. ನಾಲ್ಕು ಗಂಟೆಯೊಳಗೆ ಮೂರು ಸಾವಿರ ಕೈಗೆ ಬಂತು. ಎಣಿಸಿ, ಮತ್ತೆ ಎಣಿಸಿ, ಚೀಲದ ಚೀಲದೊಳಗೆ ಇಟ್ಟಳು.

ಪತಸಂಸ್ಥೆಯಲ್ಲಿ ಒಂದು ಠೇವಣಿ ಇದೆಯೆಂದು ಬಾಗಿಲು ದಾಟುವಾಗ ನೆನಪಾಯಿತು. ಅಲ್ಲಿರುವುದು ಮರಾಠಿ ಸಹಿ. ಬ್ಯಾಂಕಿನಲ್ಲಿ ಬದಲಿಸಿದ್ದು ಅಲ್ಲಿಗೆ ತಾನಾಗಿ ಹೋಗುವುದಿಲ್ಲ, ಅಲ್ಲಿ ಬೇರೆ ಅರ್ಜಿ. ಮೊಮ್ಮಗಳ ಮುಂದಿನ ರಜೆಯ ಕೆಲಸ ಗೊತ್ತಾಯಿತು.

ನಿಮ್ಮ ಮನೆಯಲ್ಲೂ ಇಂಥ ಆಯಿ ಇದ್ದರೆ, ಆಸ್ಪತ್ರೆಯ ಖರ್ಚು ಬಾಗಿಲಿಗೆ ಬರುವ ಮೊದಲೇ ಒಂದು ಸಲ ಅವಳನ್ನು ಶಾಖೆಗೆ ಕರೆದೊಯ್ದು ಈಗಿನ ಕೈಯ ಸಹಿ ಕೊಡಿಸಿ. ಎಪ್ಪತ್ತು ದಾಟಿ ನಡೆಯಲಾಗದಿದ್ದರೆ ಮನೆಗೇ ಬರುವ ಸೇವೆಯನ್ನು ಕೇಳಿ. ಅಂಥವರಿಗೆ ಆ ಸೌಲಭ್ಯ ಕೊಡಬೇಕೆಂದು ರಿಸರ್ವ್ ಬ್ಯಾಂಕು 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಹೆಬ್ಬೆಟ್ಟಿನ ಮಾತನ್ನು ಮಾತ್ರ ಸಾಲಿ ಕಲ್ತಾಕಿಯ ಎದುರು ಎತ್ತಬೇಡಿ.