ಮೊಟ್ಟೆಯ ಮೇಲೆ ಗುಮಾನಿ

ನಮ್ಮ ಜನ ಸಾಲದ ಕಾಗದಕ್ಕೆ ಓದದೇ ಸಹಿ ಹಾಕಿಬಿಡುತ್ತಾರೆ. ಒಡೆದ ಮೊಟ್ಟೆಯನ್ನು ಮಾತ್ರ ಕನ್ನಡಕ ಏರಿಸಿಕೊಂಡೇ ನೋಡುತ್ತಾರೆ. ನಮ್ಮ ಅತ್ತಿಗೆಯಂತೂ ಈ ವಿಷಯದಲ್ಲಿ ಪಕ್ಕಾ ಪತ್ತೇದಾರರು. ಆಮ್ಲೆಟ್ಟಿಗೆ ಒಡೆದ ಮೊಟ್ಟೆಯ ಹಳದಿ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಕಂಡಿತೋ, "ಅಯ್ಯೋ, ಮರಿ ಆಗ್ತಿತ್ತು ಕಣೋ, ಎಸಿ ಅತ್ಲಾಗೆ!"

ಅಲ್ಲ ಅತ್ತಿಗೆ, ಫಾರಂ ಕೋಳಿ ಮೊಟ್ಟೆಯಿಡುವ ಪಂಜರದ ಸುತ್ತ ಹುಂಜದ ನೆರಳೂ ಸುಳಿಯುವುದಿಲ್ಲ. ಮರಿ ಎಲ್ಲಿಂದ ಬರಬೇಕು? ಹಳದಿ ಬೆಳೆಯುವುದು ಅಂಡಾಶಯದ ಒಂದು ತೆಳು ಚೀಲದೊಳಗೆ. ಆ ಚೀಲ ಬಿರಿದು ಹಳದಿ ಹೊರಬೀಳುವಾಗ ಎಳೆಯಂಥ ರಕ್ತನಾಳವೊಂದು ಹರಿದರೆ ಒಂದು ಹನಿ ಅಂಟಿಕೊಳ್ಳುತ್ತದೆ, ಅಷ್ಟೇ. ಫಾರಂನವರು ಮೊಟ್ಟೆಯನ್ನು ದೀಪಕ್ಕೆ ಹಿಡಿದು ಇಂಥವನ್ನು ಬೇರೆ ಮಾಡುತ್ತಾರೆ. ಕಂದು ಚಿಪ್ಪಿನೊಳಗೆ ಬೆಳಕು ಸರಿಯಾಗಿ ಹಾಯುವುದಿಲ್ಲವಾದ್ದರಿಂದ ಅವುಗಳಲ್ಲಿ ಕೆಲವು ನಮ್ಮ ಬಾಣಲೆವರೆಗೂ ಬಂದುಬಿಡುತ್ತವೆ. ಚಮಚದ ತುದಿಯಲ್ಲಿ ಆ ಚುಕ್ಕೆ ತೆಗೆದು ಬೇಯಿಸಿ. ತೆಗೆಯದೆ ಚೆನ್ನಾಗಿ ಬೇಯಿಸಿದರೂ ಅಪಾಯವಿಲ್ಲ.

ಇನ್ನು ಬಿಳಿ ಭಾಗ ಮಬ್ಬಾಗಿದ್ದರೆ "ಕೆಟ್ಟಿದೆ" ಎಂಬ ತೀರ್ಪು. ನಿಜ ಉಲ್ಟಾ! ಹೊಸ ಮೊಟ್ಟೆಯ ಬಿಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುತ್ತದೆ, ಮಬ್ಬಿಗೆ ಅದೇ ಕಾರಣ. ದಿನ ಕಳೆದಂತೆ ಅದು ಚಿಪ್ಪಿನ ಸಣ್ಣ ರಂಧ್ರಗಳಿಂದ ಹೊರಹೋಗಿ ಬಿಳಿ ತಿಳಿಯಾಗುತ್ತದೆ. ಹೊಸ ಮೊಟ್ಟೆ ಬೇಯಿಸಿ ಸುಲಿಯುವಾಗ ಸಿಪ್ಪೆಯ ಜೊತೆ ಅರ್ಧ ಮೊಟ್ಟೆಯೇ ಕಿತ್ತುಬರುವುದಕ್ಕೂ ಈ ಹೊಸತನವೇ ಕಾರಣ. ಅಂದರೆ ತಾಜಾ ಮಾಲನ್ನು ಎಸೆದು ಹಳೆಯದನ್ನು ಹೊಗಳುವವರು ನಾವು.

ಹಳದಿಯ ಬಣ್ಣಕ್ಕಂತೂ ಹೆಣ್ಣು ನೋಡಲು ಬಂದವರ ಹಾಗೆ ಮೂಗು ಮುರಿಯುವುದು. ಪೇಲವವಾಗಿದ್ದರೆ ಸತ್ವವಿಲ್ಲ, ಕಿತ್ತಳೆಯಾಗಿದ್ದರೆ ಅಪ್ಪಟ ನಾಟಿ! ಬಣ್ಣ ಬರುವುದು ಮೇವಿನಿಂದ. ಹಳದಿ ಮೆಕ್ಕೆಜೋಳ, ಸೊಪ್ಪು ತಿಂದರೆ ಗಾಢ. ನುಚ್ಚು, ಬಿಳಿ ಜೋಳ ತಿಂದರೆ ಪೇಲವ. ಚೆಂಡುಹೂವಿನ ಸಾರ ಬೆರೆಸಿದ ಮೇವು ಹಾಕಿದರೆ ಪಂಜರದ ಕೋಳಿಯೂ ಕಿತ್ತಳೆ ಹಳದಿಯನ್ನೇ ಕೊಡುತ್ತದೆ. ಪ್ರೋಟೀನ್ ಎಷ್ಟಿದೆ ಎಂದು ಬಣ್ಣ ಹೇಳುವುದಿಲ್ಲ.

ಗುಮಾನಿ ಪಡಬೇಕಾದಲ್ಲಿ ಪಡಿ. ಬಿಳಿ ಭಾಗ ಗುಲಾಬಿ, ಹಸಿರು ಬಣ್ಣಕ್ಕೆ ತಿರುಗಿದ್ದರೆ ಬ್ಯಾಕ್ಟೀರಿಯಾ ಸೇರಿದೆ; ಮೂಗಿಗೆ ಕೆಟ್ಟ ವಾಸನೆ ಬಡಿದರೂ ಎರಡನೇ ಮಾತಿಲ್ಲ, ಎಸೆಯಿರಿ. ಅಂಗಡಿಯಲ್ಲೇ ಬಿರುಕು ಬಿಟ್ಟದ್ದನ್ನು ತರಬೇಡಿ. ಆದರೆ ಎಲ್ಲಕ್ಕಿಂತ ಕಿಲಾಡಿ ಸಾಲ್ಮೊನೆಲ್ಲಾ. ಅದಕ್ಕೆ ಚುಕ್ಕೆಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ; ನೋಡಲು ಲಕ್ಷಣವಾದ ಮೊಟ್ಟೆಯಲ್ಲೂ ಇರಬಹುದು. ಬಿಳಿ, ಹಳದಿ ಎರಡೂ ಗಟ್ಟಿಯಾಗುವಷ್ಟು ಬೇಯಿಸಿದರೆ ಮಾತ್ರ ಸಾಯುತ್ತದೆ.

ಇಷ್ಟೆಲ್ಲ ಕೇಳಿಸಿಕೊಂಡ ಅತ್ತಿಗೆ ತಣ್ಣಗೆ ಅಂದರು: "ಸರಿ ಬಿಡಪ್ಪ, ಇವತ್ತಿಂದ ನಿನ್ನ ಹಾಫ್ ಬಾಯಿಲ್ ಬಂದ್."